ಅವ್ವನ ವಿಳಾಸ ಹುಡುಕಿದ ಅಪ್ಪ

ನನ್ನ ಅಪ್ಪ ತ್ರ್ಯಂಬಕ ಕೆಟ್ಟ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಬರುವುದನ್ನೆಲ್ಲ ಓದಿದರೆ ಅವನ ತಲೆಯ ಮೇಲೆ ಒಂದು ಕೊಡ ತಣ್ಣೀರು ಸುರಿಯಬೇಕೆಂದು ನಿಮಗೂ ಅನ್ನಿಸಬಹುದು. ಅವ್ವ ತೀರಿಕೊಂಡ ಮೇಲಿನ ಆ ಒಂದು ವರ್ಷ ನನಗಂತೂ ದಿನಾ ಅನ್ನಿಸುತ್ತಿತ್ತು.

ಅಪ್ಪ ರೈಲ್ವೆ ಅಂಚೆಯಲ್ಲಿ ಸಾರ್ಟರ್ ಆಗಿದ್ದ. ಓಡುವ ಗಾಡಿಯ ಅಂಚೆ ಡಬ್ಬಿಯಲ್ಲಿ ನಿಂತುಕೊಂಡೇ ಪತ್ರಗಳ ವಿಳಾಸ ಓದಿ ಗೋಡೆಯ ಖಾನೆಗಳಿಗೆ ಹಾಕುವ ಕೆಲಸ. ಲೋಂಡಾ ಜಂಕ್ಷನ್ನಿನಲ್ಲಿ ಗೋವೆಯ ಚೀಲ ಆ ಕಡೆ, ಹುಬ್ಬಳ್ಳಿಯ ಚೀಲ ಈ ಕಡೆ. ನಿವೃತ್ತಿಯಾದರೂ ಆ ಚಟ ಹೋಗಲಿಲ್ಲ. ಬೆಳಗಾವಿಯ ಅನಗೋಳದ ನಮ್ಮ ಮನೆಯ ಡಬ್ಬಿಗಳಲ್ಲಿ ತೊಗರಿಬೇಳೆ ಎಲ್ಲಿರಬೇಕು, ಕಡಲೆಬೇಳೆ ಎಲ್ಲಿರಬೇಕು ಎಂಬುದಕ್ಕೂ ಅವನದೇ ಒಂದು ಕಾಯಿದೆ. ಎಲ್ಲದಕ್ಕೂ ಒಂದು ಖಾನೆ ಇರುತ್ತದೆ, ವಿಳಾಸ ಸರಿಯಾಗಿ ಓದಿದರೆ ಸಾಕು ಎಂದು ಅವನು ನಂಬಿದ್ದ.

ಇಂಥವನು ಮದುವೆಯಾಗಿದ್ದು ಮಾತ್ರ ಯಾವ ಖಾನೆಗೂ ಸೇರದ ಮದುವೆ. ಅಪ್ಪ ಅದೇ ಊರಿನ ಟಿಳಕವಾಡಿಯ ಬ್ರಾಹ್ಮಣರ ಮನೆಯ ಒಬ್ಬನೇ ಮಗ. ಅವ್ವ ಶಿವಲಿಂಗವ್ವ, ಖಾನಾಪುರದ ಲಿಂಗಾಯತರ ಹುಡುಗಿ. ಆ ಕಾಲದಲ್ಲಿ ರಿಜಿಸ್ಟರ್ ಕಚೇರಿಗೆ ಹೋಗಿ ಸಹಿ ಹಾಕಿ ಬಂದರು. ಅವ್ವ ಕೊರಳಿನ ಲಿಂಗ ತೆಗೆಯುವುದಿಲ್ಲ, ಅಪ್ಪ ಹೆಗಲಿನ ಜನಿವಾರ ತೆಗೆಯುವುದಿಲ್ಲ ಎಂದು ಮೊದಲೇ ಒಪ್ಪಂದವಾಗಿತ್ತು. ಒಪ್ಪಂದವನ್ನು ಇಬ್ಬರೂ ಕೊನೆತನಕ ಪಾಲಿಸಿದರು. ಅದರ ಫಲ ನಾನು. ಮಡಿಯವರ ಮನೆಗೂ ಸೊಸೆಯಾಗಿ ಬೇಡ, ಲಿಂಗದವರ ಮನೆಗೂ ಬೇಡ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿಕೊಂಡು ಅನಗೋಳದಲ್ಲೇ ಉಳಿದೆ. ಅದರ ಬಗ್ಗೆ ನನಗೆ ಅಂಥ ದುಃಖವೇನೂ ಇಲ್ಲ.

ನನಗೆ ಸಿಟ್ಟಿದ್ದದ್ದು ಶ್ರಾದ್ಧದ ದಿನದ ಮೇಲೆ. ಮಗ ಲಿಂಗಾಯತರ ಹುಡುಗಿಯನ್ನು ಕಟ್ಟಿಕೊಂಡನೆಂದು ಅಜ್ಜ ಅಜ್ಜಿ ಮೊದಲು ಬಾಗಿಲು ಹಾಕಿಕೊಂಡರು. ಅಜ್ಜ ಸತ್ತ ಮೇಲೆ ಪಿಂಡ ಹಾಕುವವರು ಬೇಕಲ್ಲ, ಬಾಗಿಲು ತೆರೆಯಿತು. ಆದರೆ ಗೋದಾವರಿ ಅಜ್ಜಿ ಒಂದು ಶರತ್ತು ಹಾಕಿದಳು. ಪ್ರತಿ ವರ್ಷ ಅಜ್ಜನ ಶ್ರಾದ್ಧಕ್ಕೆ ಸೊಸೆ ಬರಬೇಕು, ಇಲ್ಲದಿದ್ದರೆ ಊರವರು ಆಡಿಕೊಳ್ಳುತ್ತಾರೆ. ಆದರೆ ಒಳಗೆ ಬರಕೂಡದು. ಹಾಗಾಗಿ ಅವ್ವ ಹಿತ್ತಲಲ್ಲಿ ಅರಿವೆ ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದಳು. ಬೆಳಗಿನಿಂದ ಬ್ರಾಹ್ಮಣರ ಊಟ ಮುಗಿಯುವ ತನಕ. ಬಾಳೆಎಲೆ ತೊಳೆದು ಕೊಡುತ್ತಿದ್ದಳು, ಹೊರಗಿನ ಪಾತ್ರೆ ತಿಕ್ಕುತ್ತಿದ್ದಳು. ಅಜ್ಜಿ ಸತ್ತ ಮೇಲಾದರೂ ಈ ಪದ್ಧತಿ ನಿಂತಿತೇ? ಎಲ್ಲಿಯದು. ಅಪ್ಪನ ತಂಗಿ ಕುಮುದಿನಿ ಆತ್ಯಾ ಆ ಮನೆಯಲ್ಲೇ ಇದ್ದಳು. ಅಜ್ಜಿಯ ಸೀರೆಗಳ ಜೊತೆ ಈ ಶರತ್ತನ್ನೂ ಅವಳು ಎತ್ತಿಟ್ಟುಕೊಂಡಳು. ಈಗ ವರ್ಷಕ್ಕೆ ಎರಡು ಶ್ರಾದ್ಧ, ಎರಡು ಸಲ ಕಲ್ಲು.

ಶ್ರಾದ್ಧದ ದಿನ ಸಂಜೆ ಅನಗೋಳಕ್ಕೆ ವಾಪಸು ಬಂದ ಮೇಲೆ ಅಪ್ಪ ಒಲೆ ಹಚ್ಚುತ್ತಿದ್ದ. ಪಿತೃಗಳಿಗೆ ಎಡೆಯಿಟ್ಟ ಅನ್ನವನ್ನು ಅವ್ವ ಮುಟ್ಟುತ್ತಿರಲಿಲ್ಲ, ಅದು ಅವಳ ಆಚಾರ. ಬೆಳಗಿನಿಂದ ಉಪವಾಸ ಕೂತವಳಿಗೆ ಅಪ್ಪ ಉಪ್ಪಿಟ್ಟು ಮಾಡುತ್ತಿದ್ದ. ಅವನಿಗೆ ಅದೊಂದೇ ಬರುತ್ತಿತ್ತು, ಅದೂ ಸರಿಯಾಗಿ ಬರುತ್ತಿರಲಿಲ್ಲ. ಪ್ರತಿ ಸಲ ತಳ ಹತ್ತುತ್ತಿತ್ತು. ಅವ್ವ ಒಂದು ಕಾಳೂ ಬಿಡದೆ ತಿನ್ನುತ್ತಿದ್ದಳು.

೧೯೯೯ರ ಶ್ರಾವಣದಲ್ಲಿ ಅವ್ವ ಹಾಸಿಗೆ ಹಿಡಿದಳು. ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಅಪ್ಪನಿಗೆ ಭಯ ಹೊಕ್ಕಿತು. ಅಜ್ಜ ಸತ್ತಾಗ ಹದಿಮೂರು ದಿನ ಗರುಡಪುರಾಣ ಓದಿಸಿದ್ದರು. ಯಮನ ಊರಿನ ದಾರಿ, ನಡುವೆ ಕೀವು ರಕ್ತ ಹರಿಯುವ ವೈತರಣಿ ನದಿ, ಆಕಳ ದಾನ ಕೊಟ್ಟವರು ಆ ಆಕಳ ಬಾಲ ಹಿಡಿದು ದಾಟುತ್ತಾರೆ ಎಂಬುದೆಲ್ಲ ಅವನಿಗೆ ಗಾಡಿಯ ವೇಳಾಪಟ್ಟಿಯಂತೆ ಬಾಯಿಪಾಠವಾಗಿತ್ತು. ಈ ಕಾಲದಲ್ಲಿ ಆಕಳನ್ನು ಎಲ್ಲಿಂದ ತರುವುದು? ಸರಾಫರ ಅಂಗಡಿಗೆ ಹೋಗಿ ಹೆಬ್ಬೆರಳಿನಷ್ಟು ದೊಡ್ಡ ಬೆಳ್ಳಿ ಆಕಳು ತಂದ. ಅವ್ವನ ಕೈಯಲ್ಲಿಟ್ಟು ಬಾಲ ಮುಟ್ಟು ಎಂದ.

ಅವ್ವ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಚಂದ ಐತಿ. ಆದ್ರ ನಮ್ಮ ದಾರ್ಯಾಗ ಆ ಹೊಳಿ ಬರಂಗಿಲ್ಲರಿ," ಎಂದಳು.

"ಬರಲಿ ಬರದಿರಲಿ, ಕೈಯಾಗ ಇರ್ಲಿ," ಎಂದ ಅಪ್ಪ. "ಸ್ವರ್ಗದ ದಾರಿ ಒಳಗ ಏನೇನ ಬರ್ತದೋ ಯಾರಿಗೆ ಗೊತ್ತು."

ಅವ್ವನಿಗೆ ನಗು ಬಂತು. ನಗಲೂ ತ್ರಾಣವಿರಲಿಲ್ಲ. "ಸ್ವರ್ಗ ನರಕ ಎರಡೂ ನಿಮ್ಮ ಮನ್ಯಾಗ ನೋಡಿ ಮುಗಿಸೇನಿ. ಇನ್ನ ಬ್ಯಾರೆ ಕಡೆ ಎದಕ್ಕ ಹೋಗ್ಲಿ?"

ಅಷ್ಟು ಹೇಳಿ ಆಕಳನ್ನು ದಿಂಬಿನ ಪಕ್ಕ ಇಟ್ಟಳು. ಮರುದಿನ ಮಾತು ನಿಂತಿತು, ಅದರ ಮರುದಿನ ಉಸಿರೂ ನಿಂತಿತು.

ಖಾನಾಪುರದಿಂದ ಅವ್ವನ ತಮ್ಮ ಗುರುಪುತ್ರಪ್ಪ ಮಾಮಾ ಬಂದ. ಅಕ್ಕನನ್ನು ತಮ್ಮ ಹೊಲಕ್ಕೇ ಒಯ್ಯುತ್ತೇವೆ ಎಂದ. ಒಪ್ಪಂದದ ಪ್ರಕಾರ ಅಪ್ಪ ತಲೆಯಾಡಿಸಿದ. ಅಲ್ಲಿ ಅವಳಿಗೆ ವಿಭೂತಿ ಹಚ್ಚಿ, ಜಂಗಮರು ತಲೆಯ ಮೇಲೆ ಪಾದವಿಟ್ಟು, ವಿಮಾನ ಎನ್ನುವ ಹೂವಿನ ಚಟ್ಟದಲ್ಲಿ ಕೂರಿಸಿ ಭಜನೆ ಮಾಡುತ್ತ ಕರೆದೊಯ್ದರು. ತೋಡಿದ ಗುಂಡಿಯ ಒಳಗೋಡೆಯಲ್ಲಿ ಒಂದು ಗೂಡು. ಅದರಲ್ಲಿ ಪೂಜೆಗೆ ಕೂತವಳಂತೆ ಅವಳನ್ನು ಕೂರಿಸಿ, ಎಡಗೈಯಲ್ಲಿ ಅವಳ ಲಿಂಗ ಇಟ್ಟು, ಬಿಲ್ವಪತ್ರೆ ವಿಭೂತಿ ತುಂಬಿ ಮುಚ್ಚಿದರು. ಬೆಂಕಿ ಇಲ್ಲ, ಪಿಂಡ ಇಲ್ಲ, ಸೂತಕ ಇಲ್ಲ. ಮಾಮಾನ ಮನೆಯಲ್ಲಿ ಅಂದೇ ಎಲ್ಲರೂ ಸ್ನಾನ ಮಾಡಿ ಲಿಂಗಪೂಜೆಗೆ ಕೂತರು. ಸತ್ತಳು ಎಂದು ಯಾರೂ ಅನ್ನಲಿಲ್ಲ, ಲಿಂಗೈಕ್ಯಳಾದಳು ಎಂದರು. ಅಪ್ಪ ಕಂಬಕ್ಕೆ ಒರಗಿ ಕೂತಿದ್ದ. ಅವನ ಮುಖ ನೋಡಿದಾಗಲೇ ನನಗೆ ಗೊತ್ತಾಯಿತು, ಇವನು ಸುಮ್ಮನೆ ಕೂರುವವನಲ್ಲ.

ಹದಿನೈದು ದಿನ ಕಳೆದಿರಲಿಲ್ಲ, ಶುರುವಾಯಿತು. ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಹೊತ್ತಿಗೇ ಸರಿಯಾಗಿ ಕೇಳುತ್ತಿದ್ದ. "ರಾಧಿಕಾ, ನಿಮ್ಮವ್ವ ಈಗ ಎಲ್ಲೆ ಇರಬೇಕು?"

ಇದು ದುಃಖದ ಮಾತಾಗಿದ್ದರೆ ನಾನೂ ಪಕ್ಕದಲ್ಲಿ ಕೂತು ಅಳುತ್ತಿದ್ದೆ. ಅವನು ನಿಜವಾಗಿಯೂ ವಿಳಾಸ ಕೇಳುತ್ತಿದ್ದ. ಗರುಡಪುರಾಣದ ಲೆಕ್ಕದಲ್ಲಿ ದೇಹ ಸುಟ್ಟ ಮೇಲೆ ದಿನಕ್ಕೊಂದರಂತೆ ಹಾಕುವ ಪಿಂಡದಿಂದ ಜೀವಕ್ಕೆ ಹೊಸ ಮೈ ಕಟ್ಟುತ್ತದೆ. ಮೊದಲ ಪಿಂಡದಿಂದ ತಲೆ, ಆಮೇಲೆ ಕೊರಳು, ಎದೆ, ಹೀಗೆ ಇಳಿಯುತ್ತ ಹೋಗಿ ಹತ್ತನೆಯ ದಿನ ಹಸಿವು ನೀರಡಿಕೆ. ಆ ಮೈಯಲ್ಲಿ ಒಂದು ವರ್ಷ ನಡೆದು, ದಾರಿಯ ಹದಿನಾರು ಊರು ದಾಟಿ ಯಮನ ಮುಂದೆ ನಿಲ್ಲಬೇಕು. ಚಿತ್ರಗುಪ್ತ ಮಾಡಿದ್ದನ್ನೆಲ್ಲ ಓದಿ ಹೇಳುತ್ತಾನೆ. ಪಾಪಕ್ಕೆ ತಕ್ಕ ನರಕ, ಪುಣ್ಯಕ್ಕೆ ತಕ್ಕ ಸ್ವರ್ಗ, ಎರಡೂ ತೀರಿದ ಮೇಲೆ ಮತ್ತೆ ಹುಟ್ಟು. ಅಲ್ಲಿ ಯಾವುದೂ ಕಾಯಂ ಅಲ್ಲ.

"ಪಿಂಡನ ಹಾಕಿಲ್ಲ," ಎಂದು ಅಪ್ಪ ಕೈ ಹಿಸುಕಿಕೊಳ್ಳುತ್ತಿದ್ದ. "ಮೈಯೇ ಇಲ್ಲದ ಅಕಿ ಹ್ಯಾಂಗ ನಡೀಬೇಕು? ಹಸಗೊಂಡು ಅಲ್ಲೇ ಎಲ್ಲೋ ಕೂತಿರಬೇಕು."

"ಅಪ್ಪಾ, ಅವ್ವಗ ಆ ದಾರಿನ ಇಲ್ಲ. ಅಕಿನ ಹೇಳಲಿಲ್ಲೇನು?"

"ಅಕಿ ಹೇಳಿದ್ದು ಖರೇ ಅಂತ ಹ್ಯಾಂಗ ನಂಬೂದು? ವಿಳಾಸ ತಪ್ಪಿದ್ರ?"

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದೆ.

ನನ್ನ ಉತ್ತರ ಸಾಲಲಿಲ್ಲವೆಂದು ಅಪ್ಪ ಅಂಚೆ ಡಬ್ಬಿಯ ಹಳೆಯ ಜೊತೆಗಾರರನ್ನು ಹಿಡಿದ. ಮೂವರು ನಿವೃತ್ತರು, ಮೂರು ಧರ್ಮ. ಮೊದಲನೆಯವರು ಜೈನರ ಜಿನ್ನಪ್ಪ. ಅವರನ್ನು ಮನೆಗೇ ಕರೆದು ತಂದ. ಚಹಾ ಮಾಡುವ ಕೆಲಸ ನನ್ನದು.

"ನೀವು ವರ್ಷಗಟ್ಟಲೆ ನಡಿಸ್ತೀರಿ," ಎಂದರು ಜಿನ್ನಪ್ಪ. "ನಮ್ಮಲ್ಲಿ ಜೀವ ಮೈ ಬಿಟ್ಟ ಕೂಡ್ಲೆ ಇನ್ನೊಂದು ಗತಿಗೆ ಹೋಗಿಬಿಡ್ತೈತಿ. ದಾರ್ಯಾಗ ಕುಂದರೂದಿಲ್ಲ, ಪಿಂಡಕ್ಕ ಕಾಯೂದಿಲ್ಲ. ಕೆಳಗ ಏಳು ನರಕದ ಭೂಮಿ ಅದಾವು. ಮ್ಯಾಲಿನವು ಬೆಂಕಿ, ತೀರಾ ಕೆಳಗಿನವು ಥಂಡಿ. ಮ್ಯಾಲೆ ಸ್ವರ್ಗ ಹದಿನಾರು. ಆದ್ರ ಅಲ್ಲಿ ದೇವರಾಗಿ ಹುಟ್ಟಿದವ್ರಿಗೂ ಸಾವು ಐತಿ. ಕೊರಳಿನ ಹೂವಿನ ಮಾಲಿ ಬಾಡಾಕ ಹತ್ತಿದ್ರ ಆರು ತಿಂಗಳದಾಗ ಹೊರಡೂದು. ಎಲ್ಲಾ ಕರ್ಮ ತೀರಿದವ್ರು ಮಾತ್ರ ತುಟ್ಟತುದಿಗೆ ಸಿದ್ಧಲೋಕಕ್ಕ."

"ಅಲ್ಲೆ ಗಂಡ ಹೆಂಡತಿ ಭೇಟಿ ಆಗ್ತಾರೇನು?" ಎಂದ ಅಪ್ಪ. ಅಷ್ಟಕ್ಕೇ ಅವರನ್ನು ಕರೆಸಿದ್ದು ಎಂದು ನನಗೆ ಆಗ ತಿಳಿಯಿತು.

"ಯಾರ ಗಂಡ, ಯಾರ ಹೆಂಡತಿ? ಒಂದೊಂದು ಜೀವನೂ ತನ್ನ ಪೂರ್ತಿ ಜ್ಞಾನದಾಗ ತಾನ ಇರ್ತೈತಿ. ಮತ್ತ ನಮ್ಮ ದಿಗಂಬರರಾಗ ಹೆಣ್ಣಜೀವ ಮೊದಲ ಗಂಡಾಗಿ ಹುಟ್ಟಿ ಬರಬೇಕು, ಆಮ್ಯಾಲೆ ಮೋಕ್ಷ."

ಜಿನ್ನಪ್ಪ ಹೋದ ಮೇಲೆ ಅಪ್ಪ ಎರಡು ದಿನ ಮಂಕಾಗಿದ್ದ. ಶಿವಲಿಂಗವ್ವನಿಗೆ ಮೀಸೆ ಬಂದರೆ ಗುರುತು ಹಿಡಿಯುವುದು ಹೇಗೆಂದು ಕೇಳಿದ. ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಎರಡನೆಯವರು ಖಾನಾಪುರದ ಕಾಯ್ತಾನ್, ಕ್ರೈಸ್ತರು. ಅವರು ಸಾವಧಾನದ ಮನುಷ್ಯ. ದೇವರ ಪ್ರೀತಿಯಲ್ಲಿ ಸತ್ತರೂ ಪೂರ್ತಿ ಶುದ್ಧರಾಗದವರು ನಡುವೆ ಶುದ್ಧಿಯ ಸ್ಥಿತಿಯಲ್ಲಿ ಇರುತ್ತಾರೆ, ಬದುಕಿದ್ದವರ ಪ್ರಾರ್ಥನೆ, ಪೂಜೆ ಅವರಿಗೆ ಮುಟ್ಟುತ್ತದೆ ಎಂದರು. ಅಲ್ಲಿಂದ ಮುಂದೆ ಸ್ವರ್ಗವೇ, ವಾಪಸು ನರಕಕ್ಕೆ ಹೋಗುವುದಿಲ್ಲ. ನರಕವೆಂದರೆ ದೇವರೇ ತಳ್ಳುವ ಬೆಂಕಿಯ ಹೊಂಡ ಎಂದು ಸಣ್ಣವರಿಗೆ ಹೇಳುತ್ತಾರೆ, ಆದರೆ ಮನುಷ್ಯ ತಾನಾಗಿ ದೇವರಿಗೆ ಬೆನ್ನು ತಿರುಗಿಸಿ ಹಾಗೇ ಉಳಿದುಬಿಡುವುದೇ ನರಕ ಎಂದು ತಮ್ಮ ಪಾದ್ರಿಗಳು ವಿವರಿಸಿದ್ದನ್ನೂ ಹೇಳಿದರು. ಅಪ್ಪ ತನ್ನ ಪ್ರಶ್ನೆ ಹಾಕಿದ. "ಸ್ವರ್ಗದಾಗ ಲಗ್ನ ಇಲ್ಲ ಅಂತ ಯೇಸುಸ್ವಾಮಿನೇ ಹೇಳ್ಯಾರ, ತ್ರ್ಯಂಬಕರಾವ್," ಎಂದರು ಕಾಯ್ತಾನ್. "ಆದ್ರ ಗುರ್ತ ಸಿಗಂಗಿಲ್ಲ ಅಂತ ಹೇಳಿಲ್ಲ."

ಮೂರನೆಯವರು ದಸ್ತಗೀರಸಾಬರು. ಗೋರಿಯಲ್ಲಿ ಇಬ್ಬರು ಫರಿಸ್ತೆಯರು, ಅಂದರೆ ದೇವದೂತರು, ಬಂದು ನಿನ್ನ ದೇವರು ಯಾರು, ಪೈಗಂಬರರು ಯಾರು ಎಂದು ಕೇಳುವುದು, ಆಮೇಲೆ ಕಯಾಮತ್ ಎಂಬ ಕೊನೆಯ ತೀರ್ಪಿನ ದಿನದ ತನಕ ಬರ್ಜಖ್ ಎಂಬ ಪರದೆಯ ಹಿಂದೆ ಕಾಯುವುದು, ದೋಜಖ ಎಂಬ ನರಕದ ಮೇಲಿನ ಸಿರಾತ್ ಸೇತುವೆ, ಜನ್ನತ್ ಎಂಬ ಸ್ವರ್ಗದ ಎಂಟು ಬಾಗಿಲು, ಎಲ್ಲ ಹೇಳಿದರು. ಪುಣ್ಯ ಪಾಪ ಸರಿಸಮ ಆದವರು ಎರಡರ ನಡುವಿನ ಆರಾಫ್ ಎಂಬ ಎತ್ತರದಲ್ಲಿ ನಿಂತು ಎರಡೂ ಕಡೆ ನೋಡುತ್ತಾರಂತೆ. ಈಮಾನಿನ, ಅಂದರೆ ಧರ್ಮಶ್ರದ್ಧೆಯ, ಗಂಡ ಹೆಂಡತಿ ಜನ್ನತ್ತಿಗೆ ಜೋಡಿಯಾಗಿಯೇ ಹೋಗುತ್ತಾರೆ ಎಂದಾಗ ಅಪ್ಪ ಕುರ್ಚಿಯಿಂದ ಅರ್ಧ ಎದ್ದ.

"ನಿಮ್ಮದು ನಮ್ಮ ಈಮಾನ್ ಅಲ್ಲಲ್ರೀ," ಎಂದು ದಸ್ತಗೀರಸಾಬರು ಅವನ ಮೊಣಕಾಲು ತಟ್ಟಿದರು. "ಖರೇ ಹೇಳಬೇಕಂದ್ರ ಯಾರು ಎಲ್ಲಿ ಅನ್ನೂದು ಅಲ್ಲಾಗ ಗೊತ್ತು. ಅದನ್ನ ನಾವು ಹೇಳಿದ್ರ ನಮಗ ಗುನ್ಹಾ. ಅಕ್ಕಾರ ಭಾಳ ಒಳ್ಳೇವ್ರು ಇದ್ರು, ಅಷ್ಟ ನನಗ ಗೊತ್ತು."

ಎಲ್ಲರೂ ಎಷ್ಟು ಸಮಾಧಾನದಿಂದ ಮಾತಾಡಿ ಹೋದರು. ಅಪ್ಪನಿಗೆ ಸಮಾಧಾನವಾಯಿತೇ? "ಒಬ್ಬೊಬ್ರು ಒಂದೊಂದು ಪಿನ್‌ಕೋಡ್ ಕೊಡ್ಲಿಕ್ಕತ್ತಾರ," ಎಂದು ಗೊಣಗಿಕೊಂಡ. ಅವನು ಕೇಳಬೇಕಾದ ಪ್ರಶ್ನೆ ಬೇರೆಯೇ ಇತ್ತು. ಅವ್ವನ ಕೊನೆಯ ಮಾತನ್ನು ಅವನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಲಿಲ್ಲ. ಅದು ಅವನನ್ನು ಒಳಗೊಳಗೆ ಕೊರೆಯುತ್ತಿದೆ ಎಂಬುದು ನನಗೆ ಗೊತ್ತಿತ್ತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು. ಎದುರಿನ ಬಾಗಿಲು ಬಿಟ್ಟು ಊರೆಲ್ಲ ಸುತ್ತುತ್ತಿದ್ದ.

ಕೊನೆಗೆ ನಾನೇ ಅವನನ್ನು ಖಾನಾಪುರಕ್ಕೆ ಕರೆದುಕೊಂಡು ಹೋದೆ. ಅವ್ವನ ಧರ್ಮದವರನ್ನು ಬಿಟ್ಟು ಉಳಿದವರನ್ನೆಲ್ಲ ಕೇಳಿದ್ದೀಯಲ್ಲ, ಅವಳ ತಮ್ಮನನ್ನೂ ಕೇಳು ಎಂದೆ. ಗುರುಪುತ್ರಪ್ಪ ಮಾಮಾ ಅವ್ವನ ಸಮಾಧಿಯ ಬಾಜುಕ್ಕೆ ಜೋಳದ ಸಾಲಿನಲ್ಲಿ ನಿಂತಿದ್ದ.

"ಅಕ್ಕ ಎಲ್ಲಿಗೂ ಹೋಗಿಲ್ರಿ ಭಾವಾರ," ಎಂದ. "ಹೋಗಾಕ ಬ್ಯಾರೆ ಒಬ್ರು ಉಳದ್ರ ಅಲ್ಲ ಹೋಗೂದು? ಉಪ್ಪು ನೀರಾಗ ಕರಗಿದ್ರ ಉಪ್ಪು ಎಲ್ಲಿ ಅಂತ ಹುಡುಕ್ತೀರೇನು? ಸ್ವರ್ಗ ನರಕ ಅಂತ ಆಕಾಶದಾಗ, ಪಾತಾಳದಾಗ ಊರಿಲ್ಲ. ಮನಷ್ಯಾ ಮನಷ್ಯಾನ ಜೋಡಿ ಹೆಂಗ ನಡಕೋತಾನ, ಅದರಾಗ ಎರಡೂ ಅದಾವು. ನಮ್ಮ ಹಿರ್ಯಾರು ಹೇಳಿದ್ದು ಇಷ್ಟ."

ಅಪ್ಪನ ಮುಖ ಬಿಳುಚಿತು. ನಾನು ಅಂದುಕೊಂಡೆ, ಈಗಲಾದರೂ ನಿಜವಾದ ಪ್ರಶ್ನೆ ಕೇಳುತ್ತಾನೆ. ಅವನು ಕೇಳಲಿಲ್ಲ. ಟೋಪಿ ಸರಿ ಮಾಡಿಕೊಂಡು, ಗಾಡಿಗೆ ಹೊತ್ತಾಯಿತು ಎಂದ.

ಆಮೇಲೆ ಅವನು ಮಾಡಿದ ಕೆಲಸ ಕೇಳಿ. ವರ್ಷ ತುಂಬುವುದಕ್ಕೆ ಸ್ವಲ್ಪ ಮೊದಲು ಪುರೋಹಿತರನ್ನು ಹಿಡಿದ. ದಹನವಾಗದವರಿಗೂ ಶಾಸ್ತ್ರದಲ್ಲಿ ದಾರಿ ಇದೆಯಂತೆ. ಮುತ್ತುಗದ ಎಲೆಗಳಿಂದ ಮನುಷ್ಯಾಕೃತಿ ಮಾಡಿ, ಅದನ್ನು ಸುಟ್ಟು, ಅಲ್ಲಿಂದ ಪಿಂಡ ಶುರು ಮಾಡುವುದು. ಅದನ್ನು ಎಲ್ಲಿ ಮಾಡಿದ? ಖಾನಾಪುರದಲ್ಲೇ, ಮಲಪ್ರಭೆಯ ದಂಡೆಯಲ್ಲಿ, ಮಾಮಾನ ಹೊಲಕ್ಕೆ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ. ಸಂಜೆಯೊಳಗೆ ಮಾಮಾನ ಫೋನು ಬಂತು. "ಮಣ್ಣಾಗ ಕುಂತ ನಮ್ಮಕ್ಕನ್ನ ಎಲಿ ಮಾಡಿ ಸುಟ್ರಂತಲ್ಲವಾ ನಿಮ್ಮಪ್ಪ? ಕೇಳವಾ ಅವ್ರನ್ನ, ಯಾಕ ಅಂತ." ನಾನು ಏನು ಹೇಳಲಿ? ಕ್ಷಮಿಸು ಮಾಮಾ ಎಂದೆ. ತಪ್ಪು ಅವನದು, ಕ್ಷಮೆ ಕೇಳುವವಳು ನಾನು.

ಹತ್ತನೆಯ ದಿನ ಪಿಂಡವನ್ನು ಕಾಗೆ ಮುಟ್ಟಬೇಕು. ಸತ್ತವರ ಆಸೆ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲ. ಆಗ ಮನೆಯವರು ನಿನ್ನ ಮಕ್ಕಳನ್ನು ನೋಡಿಕೊಳ್ಳುತ್ತೇವೆ, ನಿನ್ನ ಗಿಡಕ್ಕೆ ನೀರು ಹಾಕುತ್ತೇವೆ ಎಂದು ಒಂದೊಂದೇ ಮಾತು ಕೊಡುತ್ತಾರೆ. ಅದಕ್ಕೂ ಬಾರದಿದ್ದರೆ ದರ್ಭೆಯ ಕಾಗೆ ಮಾಡಿ ಮುಟ್ಟಿಸುತ್ತಾರೆ. ಅದೇ ದಂಡೆಯಲ್ಲಿ ಅವ್ವನ ಪಿಂಡ ಇಟ್ಟು ನಾವು ಹಿಂದೆ ಸರಿಯುವಷ್ಟರಲ್ಲಿ ಒಂದು ಕಾಗೆ ಬಂದು ಕೊಕ್ಕು ಹಾಕಿತು. ಪುರೋಹಿತರಿಗೆ ಸಂತೋಷವಾಯಿತು. ಎಲ್ಲರೂ ಕಾಗೆ ಬಾರದಿದ್ದರೆ ಚಿಂತೆ ಮಾಡುತ್ತಾರೆ. ನನ್ನ ಅಪ್ಪ ಬಂದದ್ದಕ್ಕೆ ಚಿಂತೆ ಹಚ್ಚಿಕೊಂಡ.

"ಇಷ್ಟು ಲಗೂನ ಬಂತಲ್ಲ," ಎಂದು ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಹೇಳಿದ. "ನನ್ನ ಕಡೆಯಿಂದ ಅಕಿಗೆ ಒಂದು ಆಸೆನೂ ಉಳಿದಿದ್ದಿಲ್ಲೇನು?"

ನನ್ನ ತಲೆ ಚಿಟ್ಟು ಹಿಡಿದಿತ್ತು. "ಕಾಗಿಗೆ ಹಸಿವಾಗಿತ್ತು ಅಪ್ಪಾ," ಎಂದೆ. ಹಾಗೆ ಹೇಳಬಾರದಿತ್ತು ಎಂದು ನನಗೇನೂ ಅನ್ನಿಸಲಿಲ್ಲ.

ಉಳಿದದ್ದು ಸಪಿಂಡೀಕರಣ. ಪ್ರೇತವಾಗಿದ್ದವರನ್ನು ಪಿತೃಗಳ ಸಾಲಿಗೆ ಸೇರಿಸುವ ಕರ್ಮ. ಅದನ್ನು ಟಿಳಕವಾಡಿಯ ಮನೆಯಲ್ಲೇ ಮಾಡುವುದು ಎಂದಾಯಿತು. ಕುಮುದಿನಿ ಆತ್ಯಾ ಒಪ್ಪಿಕೊಂಡಳು. ಒಪ್ಪಿದ್ದಷ್ಟೇ ಅಲ್ಲ, ಅವಳಿಗೆ ಸಡಗರ. "ಬದುಕಿದ್ದಾಗ ಒಳಗ ಬರಲಿಲ್ಲ ಪಾಪ, ಈಗರೆ ಬರ್ಲಿ," ಎಂದಳು. ಬರಲಿಲ್ಲವಂತೆ. ಬಾ ಎಂದವರು ಯಾರಿದ್ದರು?

ಹಿಂದಿನ ದಿನ ಪುರೋಹಿತರು ಕ್ರಮ ವಿವರಿಸುತ್ತಿದ್ದಾಗ ನಾನು ಅಲ್ಲೇ ಇದ್ದೆ. ಗಂಡಸಾದರೆ ಅವನ ತಂದೆ, ಅಜ್ಜ, ಮುತ್ತಜ್ಜನ ಪಿಂಡದೊಂದಿಗೆ ಕೂಡಿಸುತ್ತಾರೆ. ಗಂಡ ಇರುವಾಗಲೇ ಸತ್ತ ಹೆಂಗಸನ್ನು ಅವಳ ಅತ್ತೆ, ಅತ್ತೆಯ ಅತ್ತೆ, ಅವಳ ಅತ್ತೆ, ಈ ಮೂವರ ಜೊತೆ. ಪ್ರೇತಪಿಂಡ ಉದ್ದಕ್ಕೆ ಇರುತ್ತದೆ. ಅದನ್ನು ಮೂರು ಭಾಗ ಮಾಡಿ ಆ ಮೂರು ಪಿಂಡಗಳಲ್ಲಿ ಕಲಸುವುದು.

ಮನೆಗೆ ಬಂದು ನಾನು ಚೀಲ ಬಿಸಾಡಿದೆ. "ಅಪ್ಪಾ, ತಿಳೀತೇನು ನಿನಗ? ಅವ್ವನ್ನ ಗೋದಾವರಿ ಅಜ್ಜಿ ಜೋಡಿ ಕೂಡಸ್ಲಿಕ್ಕೆ ಹೊಂಟೀ ನೀ. ವರ್ಷಕ್ಕ ಎರಡು ದಿನ ಸಾಲಲಿಲ್ಲೇನು?"

"ಅದು ಪಿತೃಲೋಕ. ಅಲ್ಲೆ ಹಂಗ ಮಡಿ ಮೈಲಗಿ ಇರೂದಿಲ್ಲ."

"ಯಾರು ಹೇಳಿದ್ರು? ಅಜ್ಜಿ ಹೇಳ್ಯಾಳೇನು?"

ಅವನು ಉತ್ತರ ಕೊಡುವ ತನಕ ನಾನು ಕಾಯಲಿಲ್ಲ. ಚೀಲ ಎತ್ತಿಕೊಂಡು ಒಳಗೆ ಹೋದೆ.

ಮರುದಿನ ಟಿಳಕವಾಡಿಯಲ್ಲಿ ನಡುಮನೆ ಸಾರಿಸಿ ಸಿದ್ಧವಾಗಿತ್ತು. ನಾನು ಒಳಗೆ ಕಾಲಿಡುವಷ್ಟರಲ್ಲಿ ಆತ್ಯಾ ಬಂದಳು. "ನೀ ಬ್ಯಾಡವಾ ರಾಧಿಕಾ, ಬ್ರಾಹ್ಮಣರ ಊಟ ಆಗೂ ತನಕ ಹಿತ್ತಲದಾಗ ಇರು. ಏನ ಆದ್ರೂ ನೀ ಶಿವಲಿಂಗವ್ವನ ಮಗಳು." ಕೆಟ್ಟ ದನಿಯಲ್ಲಿ ಹೇಳಲಿಲ್ಲ. ಬಿಸಿಲಿದೆ, ಸೆರಗು ತಲೆಗೆ ಹಾಕಿಕೋ ಎಂದು ಕೂಡ ಹೇಳಿದಳು.

ಹುಡುಗಿಯಾಗಿದ್ದಾಗ ನನ್ನನ್ನು ಈ ದಿನಗಳಲ್ಲಿ ಪಕ್ಕದ ಮನೆಗೆ ಆಡಲು ಅಟ್ಟುತ್ತಿದ್ದರು, ದೊಡ್ಡವಳಾದ ಮೇಲೆ ಶಾಲೆಯ ನೆಪ ಹೇಳಿ ನಾನೇ ತಪ್ಪಿಸಿಕೊಳ್ಳುತ್ತಿದ್ದೆ. ಹಾಗಾಗಿ ಆ ಕಲ್ಲಿನ ಮೇಲೆ ಕೂತದ್ದು ಅದೇ ಮೊದಲು. ನಡುವೆ ತಗ್ಗಾಗಿ ನುಣುಪಾದ ಕಲ್ಲು. ಎದುರಿಗೆ ಹಿತ್ತಲ ಬಾಗಿಲು, ಹೊಗೆ ಹೋಗಲೆಂದು ಪೂರ್ತಿ ತೆರೆದಿತ್ತು. ಬಾಗಿಲಿನಾಚೆ ನೇರವಾಗಿ ಅಪ್ಪ, ನನ್ನ ಕಡೆಗೇ ಮುಖ ಮಾಡಿ ಕೂತಿದ್ದ.

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ದೇವರ ಪೂಜೆಗೆ ಪೂರ್ವಕ್ಕೆ ಮುಖ, ಪಿತೃಕಾರ್ಯಕ್ಕೆ ದಕ್ಷಿಣಕ್ಕೆ, ಯಮನ ದಿಕ್ಕಿಗೆ. ಆ ಮನೆಯ ಹಿತ್ತಲ ಬಾಗಿಲು ದಕ್ಷಿಣಕ್ಕಿದೆ. ದಿಕ್ಕು ಕಲಿಸಿ ಹೊಟ್ಟೆ ಹೊರೆಯುವ ನನಗೆ ಇದು ಇಷ್ಟು ವರ್ಷ ಹೊಳೆದೇ ಇರಲಿಲ್ಲ. ಅಂದರೆ ಪ್ರತಿ ಶ್ರಾದ್ಧದಲ್ಲೂ, ಜನಿವಾರ ಬಲ ಹೆಗಲಿಗೆ ಹಾಕಿಕೊಂಡು ಅಪ್ಪ ತನ್ನ ಹಿರಿಯರಿಗೆ ಎಳ್ಳು ನೀರು ಬಿಡುತ್ತಿದ್ದಾಗ ಕಣ್ಣೆತ್ತಿದರೆ ಕಾಣುತ್ತಿದ್ದದ್ದು ಅವ್ವ. ಕಾಣಲಿಲ್ಲ ಎನ್ನಲು ಒಂದು ಗೋಡೆಯೂ ಅಡ್ಡ ಇರಲಿಲ್ಲ.

ಒಳಗೆ ಪುರೋಹಿತರು ಮೂವರು ಅತ್ತೆಯರ ಹೆಸರು ಗೋತ್ರ ಹೇಳಿಸಿದರು. ಗೋದಾವರಿ ಎಂಬ ಹೆಸರು ಹಿತ್ತಲ ತನಕ ಕೇಳಿಸಿತು. ಪ್ರೇತದ ಪಾತ್ರೆಯ ಅರ್ಘ್ಯದ ನೀರನ್ನು ಮೂರು ಪಾತ್ರೆಗಳಿಗೆ ಬೆರೆಸಿದ್ದಾಯಿತು. ಅಪ್ಪ ದರ್ಭೆ ಕೈಗೆ ತೆಗೆದುಕೊಂಡು ಉದ್ದನೆಯ ಪಿಂಡದ ಮೇಲೆ ಹಿಡಿದ. ಹಿಡಿದವನು ಕಣ್ಣೆತ್ತಿದ. ಕಲ್ಲಿನ ಮೇಲೆ ನಾನು, ತಲೆಯ ಮೇಲೆ ಸೆರಗು. ಅವನ ಕೈ ಅಲ್ಲೇ ನಿಂತಿತು.

"ಒಮ್ಮೆ ಕೂಡಿಸಿದ ಮ್ಯಾಲೆ ಬಿಡಿಸಲಿಕ್ಕೆ ಬರ್ತದೇನ್ರಿ?" ಎಂದು ಪುರೋಹಿತರನ್ನು ಕೇಳಿದ.

"ಛೇ ಛೇ, ಹ್ಯಾಂಗ ಬರ್ತದ? ಆಮ್ಯಾಲೆ ಅವ್ರಿಗೆ ಬ್ಯಾರೆ ಪಿಂಡನ ಇಲ್ಲ. ಅತ್ತಿಯವ್ರ ಜೋಡಿನ."

ಅಪ್ಪ ದರ್ಭೆ ಕೆಳಗಿಟ್ಟ. ಮೊಣಕಾಲಿಗೆ ಕೈ ಊರಿ ಎದ್ದ. ಪುರೋಹಿತರು ನಡುವೆ ಬಿಟ್ಟರೆ ದೋಷ ಎಂದರು, ಆತ್ಯಾ ಅಣ್ಣಾ ಅಣ್ಣಾ ಎನ್ನುತ್ತ ಅಡುಗೆಮನೆಯಿಂದ ಬಂದಳು. ಅವನು ನಿಲ್ಲಲಿಲ್ಲ. ಮಡಿಯ ಧೋತರದಲ್ಲೇ ಹೊಸ್ತಿಲು ದಾಟಿ ಹಿತ್ತಲಿಗೆ ಬಂದು, ಕಲ್ಲಿನ ಬಾಜುಕ್ಕೆ ಪಾತ್ರೆ ತಿಕ್ಕುವ ಬೂದಿ ಬಿದ್ದಿದ್ದ ನೆಲದ ಮೇಲೆ ಕೂತುಬಿಟ್ಟ.

ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ನಿಮ್ಮವ್ವ ಎರಡೂ ನೋಡೇನಿ ಅಂದ್ಳು," ಎಂದ. ಒಂದು ವರ್ಷದಲ್ಲಿ ಮೊದಲ ಸಲ ಆ ಮಾತು ಅವನ ಬಾಯಿಂದ ಬಂತು. "ನಾ ಅಕಿಗೆ ಯಾವುದಾಗಿದ್ದೆ, ರಾಧಿಕಾ?"

ಸ್ವರ್ಗವಾಗಿದ್ದಿ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಅವನಿಗೆ ಅರವತ್ತೆಂಟು ವರ್ಷ, ಬಿಸಿಲಲ್ಲಿ ಬರಿಮೈಯಲ್ಲಿ ಕೂತಿದ್ದ. ನನಗೆ ಹಾಗೆ ಹೇಳಲಾಗಲಿಲ್ಲ.

"ಎರಡೂ. ಅವ್ವ ಸುಳ್ಳ ಹೇಳ್ತಿದ್ದಿಲ್ಲ. ಮುಂಜಾನೆ ಈ ಕಲ್ಲು ನೀನ. ಸಂಜಿಕ್ಕೆ ಉಪ್ಪಿಟ್ಟೂ ನೀನ."

ಅವನು ತಲೆಯಾಡಿಸಿದ. ಕಲ್ಲಿನ ತಗ್ಗಿನ ಮೇಲೆ ಬೆರಳಾಡಿಸಿದ. "ಪ್ರತಿ ವರ್ಷ ಇಲ್ಲೇ ಕಾಣ್ತಿದ್ಳು. ನಾ ಎದ್ದು ಬರಬೇಕಂದ್ರ ನಡುವ ಮಂತ್ರ ಬಿಡಬೇಕಿತ್ತು. ನಮ್ಮಪ್ಪನ ಸ್ವರ್ಗ ತಪ್ಪಿದ್ರ ಅಂತ ಅಂಜಿಕಿ."

"ಬಾಗಲಾ ತೆರದ ಇತ್ತಲ್ಲ ಅಪ್ಪಾ," ಎಂದೆ.

ಅಪ್ಪ ಅತ್ತ. ಸಣ್ಣ ಹುಡುಗರಂತೆ ಬಾಯಿ ತೆರೆದು ಅತ್ತ. ಒಳಗೆ ಪುರೋಹಿತರೂ ಆತ್ಯಾನೂ ಏನ್ರೀ ಮಾಡೂದು ಈಗ ಎಂದು ಗುಸುಗುಡುತ್ತಿದ್ದರು. ಯಾರೂ ಹೊಸ್ತಿಲು ದಾಟಿ ಬರಲಿಲ್ಲ. ಅವ್ವನ ಪಿಂಡ ಬೇರೆಯಾಗಿಯೇ ಉಳಿಯಿತು.

ಅಂದಿನಿಂದ ಅವ್ವ ಎಲ್ಲಿದ್ದಾಳೆ ಎಂದು ಅಪ್ಪ ಯಾರನ್ನೂ ಕೇಳಿಲ್ಲ. ಬೆಳ್ಳಿ ಆಕಳು ಕಡಲೆಬೇಳೆಯ ಡಬ್ಬಿಯ ಹಿಂದೆ ಬಿದ್ದಿದೆ, ಅದಕ್ಕೆ ಮಾತ್ರ ಅವನು ಖಾನೆ ಹುಡುಕಲಿಲ್ಲ. ಆ ಸಂಜೆ ಅನಗೋಳಕ್ಕೆ ಬಂದು ಅವನು ಉಪ್ಪಿಟ್ಟು ಮಾಡಿದ, ತಳ ಹತ್ತಿಸಿದ. ನನಗೆ ಒಳಗೆ ಮಣೆ ಹಾಕಿ ಬಡಿಸಿದ. ತನ್ನ ತಟ್ಟೆ ಹಿಡಿದುಕೊಂಡು ಹಿತ್ತಲ ಮೆಟ್ಟಿಲಿಗೆ ಹೋಗಿ ಕೂತು ಒಬ್ಬನೇ ತಿಂದ. ಒಳಗೆ ಬಾ ಅಪ್ಪಾ ಎಂದು ನಾನು ಎರಡು ಸಲ ಕರೆದೆ. ಅವನು ಬರಲಿಲ್ಲ.